ಹಸಿರು ಸೀರೆ ಫೋನಿನಲ್ಲಿ ಮಂಕಾಗಿದ್ದೇಕೆ: ಮೈಸೂರಿನ ಒಂದು ಕಾಂಪೋಸಿಟ್‌ನ ಪ್ರಕರಣ

ಮೈಸೂರಿನ ಒಂದು ಸೀರೆ ಅಂಗಡಿಗೆ ದಸರಾ ಹೊತ್ತಿಗೆ ಇನ್‌ಸ್ಟಾಗ್ರಾಂನಲ್ಲಿ ಹಾಕಲು ಒಂದು ಪೋಸ್ಟ್ ಬೇಕಿತ್ತು. ಕೆಲಸ ಹಿಡಿದದ್ದು ಊರಿನದೇ ಒಂದು ಸಣ್ಣ ಸ್ಟುಡಿಯೋ. ಹಿಂದೆ ದೀಪ ಹತ್ತಿದ ಅರಮನೆ, ಮುಂದೆ ಹಸಿರು ಮೈಸೂರು ಸಿಲ್ಕ್ ಉಟ್ಟ ಮಾಡೆಲ್, ಕೆಂಪು ಅಂಚು, ಅದರ ಮೇಲೆ ಜರಿ. ಮಾಡೆಲನ್ನು ಅರಮನೆ ಮುಂದೆಯೇ ನಿಲ್ಲಿಸಿ ತೆಗೆಯುವುದು ಆಗದ ಮಾತು. ಭಾನುವಾರ ಸಂಜೆ ದೀಪ ಹತ್ತುವ ಹೊತ್ತಿಗೆ ಅಲ್ಲಿ ಎಷ್ಟು ಜನ ಇರುತ್ತಾರೆ ಅಂತ ಮೈಸೂರಿನವರಿಗೆ ಹೇಳಬೇಕಿಲ್ಲ. ಹಾಗಾಗಿ ಅರಮನೆಯನ್ನು ಒಂದು ಸಂಜೆ ಫೋನಿನಲ್ಲಿ ತೆಗೆದರು, ಮಾಡೆಲನ್ನು ಸ್ಟುಡಿಯೋದಲ್ಲಿ ಕ್ಯಾಮೆರಾದಲ್ಲಿ ತೆಗೆದರು, ಎರಡನ್ನೂ ಫೋಟೋಶಾಪ್‌ನಲ್ಲಿ ಸೇರಿಸಿ ಒಂದೇ ಚಿತ್ರ, ಅಂದರೆ ಕಾಂಪೋಸಿಟ್, ಮಾಡಿದರು.

ಎಡಿಟ್ ಮಾಡಿದ ಹುಡುಗನ ಕೈ ಚೆನ್ನಾಗಿದೆ. ಕೂದಲಿನ ಅಂಚು, ಕಾಲ ಬಳಿಯ ನೆರಳು, ಭುಜದ ಮೇಲೆ ಬಿದ್ದ ದೀಪದ ಹಳದಿ ಎಲ್ಲ ಕೂತಿತ್ತು. ಸ್ಟುಡಿಯೋದ ಮಾನಿಟರ್‌ನಲ್ಲಿ ನೋಡಿ ಎಲ್ಲರೂ ಸೈ ಅಂದರು. ಪೋಸ್ಟ್ ಹಾಕಿದ ಸ್ವಲ್ಪ ಹೊತ್ತಿಗೆ ಅಂಗಡಿ ಯಜಮಾನರ ಫೋನ್ ಬಂತು.

"ಏನ್ ಸಾರ್ ಇದು, ಸೀರೆ ನಾಲ್ಕು ಸಲ ಒಗೆದು ಬಿಸಿಲಿಗೆ ಹಾಕಿದ ಹಂಗಿದೆ. ಆ ಹುಡುಗಿ ಮುಖದಲ್ಲೂ ಕಳೆ ಇಲ್ಲ. ಇದನ್ನ ನೋಡಿ ಯಾರು ಸೀರೆ ತಗೋತಾರೆ?"

ಸ್ಟುಡಿಯೋದವರು ನನಗೆ ಹಳೇ ಪರಿಚಯ. ಫೈಲುಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿ, "ಸ್ವಲ್ಪ ನೋಡಿ ಅಣ್ಣ, ನಮ್ಮ ಸಿಸ್ಟಮ್‌ನಲ್ಲಿ ಎಲ್ಲ ಸರಿಯಾಗೇ ಇದೆ" ಅಂದರು. ಅವರ ಸಿಸ್ಟಮ್‌ನಲ್ಲಿ ಸರಿಯಾಗೇ ಇತ್ತು, ಅದು ಸುಳ್ಳಲ್ಲ. ಅದೇ ಸಿಸ್ಟಮ್‌ನಲ್ಲಿ ಹೇಗೆ ನೋಡಿದರೂ ಸರಿಯಾಗಿ ಕಾಣುತ್ತಿದ್ದದ್ದೇ ಈ ಪ್ರಕರಣದ ಮುಖ್ಯ ತೊಡಕು.

ಮೊದಲು ಅನುಮಾನ ಬಂದದ್ದು ಫೋನ್ ಫೋಟೋ ಮೇಲೆ

ಹುಡುಗನ ಲೆಕ್ಕದಲ್ಲಿ ತಪ್ಪು ಅರಮನೆ ಫೋಟೋದ್ದು. ಅದು ಐಫೋನ್‌ನಲ್ಲಿ ತೆಗೆದದ್ದು. ಈಗಿನ ಐಫೋನ್‌ಗಳು ಫೋಟೋವನ್ನು `Display P3` ಅನ್ನುವ ಬಣ್ಣದ ಜಾಗದಲ್ಲಿ ಉಳಿಸುತ್ತವೆ. ಬಣ್ಣದ ಜಾಗ ಅಂದರೆ ಫೈಲಿನ ನಂಬರ್‌ಗಳಿಗೆ ಯಾವ ಬಣ್ಣ ಅಂತ ಅರ್ಥ ಕೊಡುವ ಅಳತೆ. `Display P3` ವೆಬ್‌ನಲ್ಲಿ ರೂಢಿಯಲ್ಲಿರುವ ಎಸ್‌ಆರ್‌ಜಿಬಿಗಿಂತ ದೊಡ್ಡದು. "ಎರಡು ಬೇರೆ ಬೇರೆ ಜಾಗದ ಫೋಟೋ ಸೇರಿಸಿದ್ದಕ್ಕೆ ಹಿಂಗಾಯ್ತು" ಅಂತ ಅವನ ವಾದ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಅವನು ಆ ಫೋಟೋವನ್ನು ತಂದದ್ದು `File > Place Embedded` ಮೂಲಕ. ಹಾಗೆ ತಂದಾಗ ಅದು ಸ್ಮಾರ್ಟ್ ಆಬ್ಜೆಕ್ಟ್ ಆಗಿ ತನ್ನ ಪ್ರೊಫೈಲನ್ನು, ಅಂದರೆ ತಾನು ಯಾವ ಬಣ್ಣದ ಜಾಗದ್ದು ಅಂತ ಹೇಳುವ ಚೀಟಿಯನ್ನು, ಒಳಗೇ ಇಟ್ಟುಕೊಳ್ಳುತ್ತದೆ, ಫೋಟೋಶಾಪ್ ಅದನ್ನು ಮುಖ್ಯ ಫೈಲಿನ ಜಾಗಕ್ಕೆ ಸರಿಯಾಗಿ ತಿರುಗಿಸಿ ತೋರಿಸುತ್ತದೆ. ಅಲ್ಲಿ ಏನೂ ಕೆಟ್ಟಿರಲಿಲ್ಲ. ಪೋಸ್ಟ್‌ನಲ್ಲಿ ಅರಮನೆಯಷ್ಟೇ ಅಲ್ಲ, ಸೀರೆ ಮತ್ತು ಮುಖವೂ ಮಂಕಾಗಿತ್ತಲ್ವಾ? ಅವೆರಡೂ ಕ್ಯಾಮೆರಾ ಫೋಟೋದವು. ಇಡೀ ಚಿತ್ರ ಒಂದೇ ರೀತಿ ಕೆಟ್ಟಿದ್ದರೆ ಒಂದು ಲೇಯರ್‌ನ ಮೇಲೆ ಅನುಮಾನ ಪಡುವುದಕ್ಕಿಂತ ಫೈಲು ಹೊರಗೆ ಬಂದ ಬಾಗಿಲನ್ನು ನೋಡುವುದು ಒಳ್ಳೆಯದು.

ಕ್ಯಾಮೆರಾ ಫೋಟೋದ ಹೆಸರು `_DSC` ಅಂತ ಶುರುವಾಗಿತ್ತು. ಮುಂದೆ ಇರುವ ಆ ಅಡಿಗೆರೆ ಸುಮ್ನೆ ಬರುವುದಿಲ್ಲ. ಕ್ಯಾಮೆರಾ ಮೆನುವಿನಲ್ಲಿ ಬಣ್ಣದ ಜಾಗವನ್ನು ಅಡೋಬ್ ಆರ್‌ಜಿಬಿಗೆ ಇಟ್ಟಿದ್ದರೆ ಫೈಲ್ ಹೆಸರು ಅಡಿಗೆರೆಯಿಂದ ಶುರುವಾಗಬೇಕು ಅನ್ನುವುದು ಕ್ಯಾಮೆರಾ ಕಂಪನಿಗಳು ಪಾಲಿಸುವ ನಿಯಮ. ನಿಕಾನ್‌ನಲ್ಲಿ `DSC_` ಇದ್ದದ್ದು `_DSC` ಆಗುತ್ತದೆ, ಕ್ಯಾನನ್‌ನಲ್ಲಿ `IMG_` ಇದ್ದದ್ದು `_MG_` ಆಗುತ್ತದೆ. ಹುಡುಗ ಈ ಫೋಟೋವನ್ನೇ ಮೊದಲು ತೆರೆದು ಅದರ ಮೇಲೆ ಉಳಿದದ್ದನ್ನು ಜೋಡಿಸಿದ್ದ. ಹಾಗಾಗಿ ಇಡೀ ಕಾಂಪೋಸಿಟ್ ಅಡೋಬ್ ಆರ್‌ಜಿಬಿಯಲ್ಲೇ ಬೆಳೆದಿತ್ತು.

ಆಮೇಲೆ ಪೋಸ್ಟ್‌ಗೆ ಕೊಟ್ಟ ಜೆಪೆಗ್ ಅನ್ನು ಎಕ್ಸಿಫ್‌ಟೂಲ್‌ನಲ್ಲಿ ನೋಡಿದೆ. ಫೈಲಿನೊಳಗೆ ಬರೆದಿಟ್ಟ ಮಾಹಿತಿಯನ್ನು ಓದಿ ಹೇಳುವ ಸಾಫ್ಟ್‌ವೇರ್ ಅದು.

```
exiftool -ICC_Profile:ProfileDescription post.jpg
```

ಏನೂ ಬರಲಿಲ್ಲ, ಖಾಲಿ. ಪ್ರೊಫೈಲ್ ಇದ್ದಿದ್ದರೆ ಇಲ್ಲಿ `Adobe RGB (1998)` ಅಂತಲೋ `sRGB IEC61966-2.1` ಅಂತಲೋ ಒಂದು ಸಾಲು ಬರಬೇಕಿತ್ತು. `Export As` ಕಿಟಕಿಯಲ್ಲಿ `Convert to sRGB` ಮತ್ತು `Embed Color Profile` ಅಂತ ಎರಡು ಟಿಕ್ ಇರುತ್ತವೆ. ಎರಡನ್ನೂ ತೆಗೆದಿದ್ದ. ಯಾಕಪ್ಪಾ ಅಂತ ಕೇಳಿದರೆ, ಪ್ರೊಫೈಲ್ ತೆಗೆದರೆ ಫೈಲ್ ಸೈಜ್ ಕಡಿಮೆಯಾಗುತ್ತೆ ಅಂತ ಯಾರೋ ಹೇಳಿದ್ದರಂತೆ. ಕಡಿಮೆಯಾಗುವುದು ನಿಜ, ಎಸ್‌ಆರ್‌ಜಿಬಿ ಪ್ರೊಫೈಲ್ ಆದರೆ ಸುಮಾರು 3 ಕೆಬಿ ಉಳಿಯುತ್ತದೆ. ಅರ್ಧ ಎಂಬಿ ಫೋಟೋದಲ್ಲಿ 3 ಕೆಬಿ ಉಳಿಸಿ ಯಾವ ಊರು ಕಟ್ಟಬೇಕು?

ನಂಬರ್ ಅದೇ, ಬಣ್ಣ ಬೇರೆ

ಇಲ್ಲಿ ಸ್ವಲ್ಪ ನಿಂತು ನೋಡೋಣ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಫೈಲಿನೊಳಗೆ ಬಣ್ಣ ಇರುವುದಿಲ್ಲ, ಮೂರು ನಂಬರ್ ಇರುತ್ತವೆ: ಕೆಂಪು, ಹಸಿರು, ನೀಲಿ. ಕೆಂಪು 219 ಅಂದರೆ ಯಾವ ಕೆಂಪಿನಲ್ಲಿ 219 ಅನ್ನುವುದನ್ನು ಪ್ರೊಫೈಲ್ ಹೇಳಬೇಕು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟ ಜಾಗ ಎಸ್‌ಆರ್‌ಜಿಬಿ. ಆ ಕಾಲದ ಸಾಮಾನ್ಯ ಮಾನಿಟರ್ ಏನು ತೋರಿಸಬಲ್ಲದೋ ಅದಕ್ಕೆ ತಕ್ಕಂತೆ ಮಾಡಿದ್ದು. ಅಡೋಬ್ ಆರ್‌ಜಿಬಿ 1998ರದು. ಪ್ರಿಂಟ್‌ನ ಸಯಾನ್, ಹಸಿರುಗಳೂ ಹಿಡಿಯಲಿ ಅಂತ ಅದರ ಹಸಿರನ್ನು ಇನ್ನೂ ಆಚೆಗೆ ಒಯ್ದರು. ಎರಡರ ಕೆಂಪು ಮೂಲೆ, ನೀಲಿ ಮೂಲೆ ಒಂದೇ. ಬಿಳಿಯೂ ಒಂದೇ. ಬೇರೆಯಿರುವುದು ಹಸಿರು ಮೂಲೆ ಮಾತ್ರ.

ಹಾಗಾದರೆ ಕೆಂಪು ಬದಲಾಗಬಾರದಲ್ವಾ ಅಂತ ಅನ್ನಿಸಬಹುದು. ಬದಲಾಗುತ್ತದೆ. ಎಸ್‌ಆರ್‌ಜಿಬಿಯ ಪೂರ್ತಿ ಕೆಂಪು 255, 0, 0. ಅದೇ ಕೆಂಪನ್ನು ಅಡೋಬ್ ಆರ್‌ಜಿಬಿಯಲ್ಲಿ ಬರೆದರೆ 219, 0, 0. ಹಸಿರು ಆಚೆ ಹೋದದ್ದರಿಂದ, ಅದೇ ಬಿಳಿಯನ್ನು ಕೊಡಲು ಕೆಂಪು ಹೆಚ್ಚು ಬೆಳಕು ಕೊಡಬೇಕಾಗುತ್ತದೆ. ಹಾಗಾಗಿ ಅಲ್ಲಿನ 255 ಇಲ್ಲಿನ 255ಕ್ಕಿಂತ ಜೋರು. ಈಗ ಪ್ರೊಫೈಲ್ ಕಿತ್ತು ಫೈಲನ್ನು ಹೊರಗೆ ಬಿಡಿ. ಪ್ರೊಫೈಲ್ ಇಲ್ಲದ ಚಿತ್ರ ಸಿಕ್ಕರೆ ಬ್ರೌಸರ್‌ಗಳು, ಆಪ್‌ಗಳು ಅದನ್ನು ಎಸ್‌ಆರ್‌ಜಿಬಿ ಅಂತಲೇ ಓದುತ್ತವೆ. ಸೀರೆಯ ಅಂಚಿನ ಪೂರ್ತಿ ಕೆಂಪು ಈಗ ಎಸ್‌ಆರ್‌ಜಿಬಿಯ 219. ಅಂಚು ಕಪ್ಪಿಗೆ ತಿರುಗಿತು.

ಮುಖದ ಕಳೆ ಹೋದದ್ದಕ್ಕೂ ಇದೇ ಕಾರಣ. ಬೆಳಕು ಬಿದ್ದ ಕೆನ್ನೆಯ ಒಂದು ಚುಕ್ಕೆ ತೆಗೆದುಕೊಳ್ಳಿ. ಎಸ್‌ಆರ್‌ಜಿಬಿಯಲ್ಲಿ ಅದು 210, 150, 120 ಇರಬೇಕು. ಅಡೋಬ್ ಆರ್‌ಜಿಬಿಯಲ್ಲಿ ಅದೇ ಬಣ್ಣ ಸುಮಾರು 194, 149, 121. ಹಸಿರು, ನೀಲಿ ಹೆಚ್ಚುಕಡಿಮೆ ಅಲ್ಲೇ ಇವೆ. ಕೆಂಪು ಮಾತ್ರ 16 ಇಳಿದಿದೆ. ಆ 194 ಅನ್ನು ಎಸ್‌ಆರ್‌ಜಿಬಿ ಅಂತ ಓದಿದರೆ ಚರ್ಮದಿಂದ ಕೆಂಪಷ್ಟೇ ಹೋಗುತ್ತದೆ. ಯಜಮಾನರಿಗೆ ಪ್ರೊಫೈಲ್ ಗೊತ್ತಿಲ್ಲ, ಆದರೆ ಅವರ ಕಣ್ಣು ಸರಿಯಾಗೇ ಹಿಡಿದಿತ್ತು.

ಇನ್ನೊಂದು ಗುರುತು ನನಗೆ ಬಹಳ ಉಪಯೋಗಕ್ಕೆ ಬರುತ್ತದೆ. ಬೂದು ಬಣ್ಣ ನೋಡಿ. ಅಡೋಬ್ ಆರ್‌ಜಿಬಿ ಪ್ರೊಫೈಲ್ ಕಳೆದುಹೋದರೆ ಬೂದು, ಬಿಳಿ, ಕಪ್ಪು ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತವೆ, ಏಕೆಂದರೆ ಎರಡರ ಗಾಮಾ, ಅಂದರೆ ನಂಬರ್ ಏರಿದಂತೆ ಬೆಳಕು ಏರುವ ರೀತಿ, ಹತ್ತಿರ ಹತ್ತಿರ ಒಂದೇ, 2.2ರ ಆಸುಪಾಸು. ಬಣ್ಣ ಇರುವ ಕಡೆ ಮಾತ್ರ ಮಂಕು. ಬೂದು ಕೂಡ ಕಪ್ಪಾಗಿದ್ದರೆ ಫೈಲ್ ಬಹುಶಃ ಪ್ರೊಫೋಟೋ ಆರ್‌ಜಿಬಿಯಲ್ಲಿತ್ತು, ಅದರ ಗಾಮಾ 1.8. ರಾ ಫೈಲಿನಿಂದ ನೇರ ಬಂದ ಕೆಲಸಗಳಲ್ಲಿ ಇದು ಜಾಸ್ತಿ. ಈ ಪೋಸ್ಟ್‌ನಲ್ಲಿ ಅರಮನೆಯ ಮುಂದಿನ ಕಲ್ಲಿನ ನೆಲದ ಬೂದು ಹಾಗೇ ಇತ್ತು, ಸೀರೆ ಮಾತ್ರ ಇಳಿದಿತ್ತು. ಎಕ್ಸಿಫ್‌ಟೂಲ್ ತೆರೆಯುವ ಮೊದಲೇ ಇದು ಅಡೋಬ್ ಆರ್‌ಜಿಬಿ ಕೇಸು ಅಂತ ಅಂದಾಜು ಸಿಕ್ಕಿತ್ತು.

ಅವರ ಮೇಜಿನ ಮೇಲೆ ಯಾಕೆ ಸರಿ ಕಾಣುತ್ತಿತ್ತು

ಹೊರಗೆ ಬಂದ ಜೆಪೆಗ್ ಅನ್ನು ಹುಡುಗ ಮತ್ತೆ ಫೋಟೋಶಾಪ್‌ನಲ್ಲಿ ತೆರೆದು ನೋಡಿದ್ದ. ಸರಿಯಾಗಿತ್ತು. ಒಂದು ಸಾದಾ ಫೋಟೋ ವ್ಯೂವರ್‌ನಲ್ಲಿ ನೋಡಿದ್ದ. ಅಲ್ಲೂ ಸರಿಯಾಗಿತ್ತು. ಹಾಗಾಗಿ ಇನ್‌ಸ್ಟಾಗ್ರಾಂನವರೇ ಕೆಡಿಸುತ್ತಿದ್ದಾರೆ ಅಂತ ತೀರ್ಮಾನಿಸಿಬಿಟ್ಟಿದ್ದ. ಇದೇ ಮಾತನ್ನು ನಾನು ಎಷ್ಟೋ ಸ್ಟುಡಿಯೋಗಳಲ್ಲಿ ಕೇಳಿದ್ದೇನೆ.

ಫೋಟೋಶಾಪ್‌ನದು ಮೊದಲು. ಈ ಸ್ಟುಡಿಯೋದಲ್ಲಿ ಆಲ್ಬಂ ಪ್ರಿಂಟ್ ಕೆಲಸ ಜಾಸ್ತಿ. ಹಾಗಾಗಿ `Edit > Color Settings` ಒಳಗೆ ಆರ್‌ಜಿಬಿ ಕೆಲಸದ ಜಾಗವನ್ನು ಅಡೋಬ್ ಆರ್‌ಜಿಬಿಗೇ ಇಟ್ಟಿದ್ದರು. ಪ್ರೊಫೈಲ್ ಇಲ್ಲದ ಫೈಲ್ ಬಂದರೆ ಫೋಟೋಶಾಪ್ ಅದನ್ನು ಕೆಲಸದ ಜಾಗದ್ದು ಅಂತ ಎಣಿಸಿ ತೋರಿಸುತ್ತದೆ. ಅಂದರೆ ಕಳೆದುಹೋದ ಪ್ರೊಫೈಲನ್ನು ಫೋಟೋಶಾಪ್ ತಾನೇ ಊಹಿಸಿ, ಊಹೆ ಸರಿಯಾಗಿ, ಚಿತ್ರ ಚೆನ್ನಾಗಿ ಕಂಡಿತು. ಪ್ರೊಫೈಲ್ ಇಲ್ಲ ಅಂತ ಎಚ್ಚರಿಸುವ `Missing Profiles: Ask When Opening` ಟಿಕ್ ಅನ್ನು, ಪದೇ ಪದೇ ಕಿಟಕಿ ಬರುತ್ತೆ ಅಂತ ಯಾವತ್ತೋ ತೆಗೆದುಹಾಕಿದ್ದರು. ಆದರೂ ಒಂದು ಸುಳಿವು ಕಣ್ಣೆದುರೇ ಇತ್ತು. ಫೈಲ್ ಹೆಸರಿನ ಟ್ಯಾಬ್‌ನಲ್ಲಿ `RGB/8#` ಅಂತ ಇತ್ತು. ಆ `#` ಅಂದರೆ ಪ್ರೊಫೈಲ್ ಇಲ್ಲ. `*` ಇದ್ದರೆ ಪ್ರೊಫೈಲ್ ಇದೆ, ಆದರೆ ಕೆಲಸದ ಜಾಗಕ್ಕಿಂತ ಬೇರೆ ಅಂತ. ಇಷ್ಟು ಸಣ್ಣ ಗುರುತನ್ನು ಯಾರೂ ನೋಡುವುದಿಲ್ಲ, ನೋಡಿದರೂ ಏನು ಅಂತ ಕೇಳುವುದಿಲ್ಲ.

ಫೋಟೋ ವ್ಯೂವರ್‌ನ ಕಥೆ ಇನ್ನೂ ತಮಾಷೆ. ಸ್ಟುಡಿಯೋದ ಮಾನಿಟರ್ ವೈಡ್ ಗ್ಯಾಮಟ್‌ನದು, ಅಡೋಬ್ ಆರ್‌ಜಿಬಿಯ ಹೆಚ್ಚಿನ ಬಣ್ಣ ತೋರಿಸುತ್ತದೆ. ಅವರು ಬಳಸುತ್ತಿದ್ದ ವ್ಯೂವರ್ ಪ್ರೊಫೈಲ್‌ಗಳ ಗೊಡವೆಗೆ ಹೋಗದೆ ನಂಬರ್‌ಗಳನ್ನು ನೇರ ಮಾನಿಟರ್‌ಗೆ ಕಳಿಸುತ್ತಿತ್ತು. ಅಡೋಬ್ ಆರ್‌ಜಿಬಿ ನಂಬರ್ ಅಡೋಬ್ ಆರ್‌ಜಿಬಿ ಮಾನಿಟರ್‌ಗೆ ಹೋದರೆ ಬಣ್ಣ ಸರಿಯಾಗೇ ಬರುತ್ತದೆ. ಅದೇ ಮಾನಿಟರ್‌ನಲ್ಲಿ ಕ್ರೋಮ್ ತೆರೆದು ಜೆಪೆಗ್ ಅನ್ನು ಒಳಗೆ ಎಳೆದು ಹಾಕಿದೆ. ಮಂಕು. ಹುಡುಗ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತ. ಇನ್‌ಸ್ಟಾಗ್ರಾಂ ಇನ್ನೂ ಮುಟ್ಟಿಯೇ ಇಲ್ಲ, ಬಣ್ಣ ಆಗಲೇ ಹೋಗಿದೆ.

ವೆಬ್‌ಗೆ ಹೋಗುವ ಫೈಲನ್ನು ಬ್ರೌಸರ್‌ನಲ್ಲಿ ನೋಡಬೇಕು ಅನ್ನುವುದು ಇಷ್ಟಕ್ಕೇ. ಎಡಿಟ್ ಮಾಡಿದ ಸಾಫ್ಟ್‌ವೇರ್‌ನಲ್ಲೇ ಮತ್ತೆ ನೋಡಿದರೆ ಅದರ ಊಹೆಯೂ ಸೇರಿಕೊಂಡು ಕಾಣುತ್ತದೆ.

ಸರಿ ಮಾಡಲು ಹೋಗಿ ಕೆಟ್ಟದ್ದು

ನಾನು ಹೋಗುವ ಮೊದಲೇ ಹುಡುಗ ಒಂದೆರಡು ಕಡೆಯಿಂದ ಪ್ರಯತ್ನ ಮಾಡಿದ್ದ.

ಮೊದಲು ಸ್ಯಾಚುರೇಷನ್ ಏರಿಸಿದ್ದ, ಫೋನಿನಲ್ಲಿ ಸೀರೆ ಸರಿ ಕಾಣುವ ತನಕ. ಹಸಿರು ಹೆಚ್ಚುಕಡಿಮೆ ಸರಿಹೋಯಿತು, ಆದರೆ ಅರಮನೆಯ ದೀಪಗಳು ಕಿತ್ತಳೆಯಾದವು, ತುಟಿ ಉರಿಯುವ ಕೆಂಪಾಯಿತು. ಕಳೆದುಹೋದದ್ದು ಎಲ್ಲ ಬಣ್ಣದಲ್ಲೂ ಒಂದೇ ಅಳತೆಯಲ್ಲ. ಕೆನ್ನೆಯಲ್ಲಿ ಹೋದದ್ದು ಕೆಂಪಿನ 16, ನೆಲದ ಬೂದಿನಲ್ಲಿ ಏನೂ ಇಲ್ಲ. ಒಂದೇ ಸ್ಲೈಡರ್‌ನಲ್ಲಿ ಅದನ್ನು ವಾಪಸ್ ತರಲು ಆಗುವುದಿಲ್ಲ.

ಆಮೇಲೆ ಎಲ್ಲೋ ನೋಡಿ `Edit > Assign Profile` ತೆರೆದು `sRGB IEC61966-2.1` ಕೊಟ್ಟಿದ್ದ. ಕೊಟ್ಟ ತಕ್ಷಣ ಫೋಟೋಶಾಪ್‌ನಲ್ಲೂ ಚಿತ್ರ ಮಂಕಾಯಿತು. ಇದು ಬಹಳ ಜನ ಎಡವುವ ಜಾಗ. `Assign Profile` ನಂಬರ್‌ಗಳನ್ನು ಮುಟ್ಟುವುದಿಲ್ಲ, ಅವುಗಳ ಅರ್ಥವನ್ನು ಬದಲಿಸುತ್ತದೆ. 219 ಇದ್ದದ್ದು 219 ಆಗಿಯೇ ಉಳಿಯುತ್ತದೆ, ಬಣ್ಣ ಮಾತ್ರ ಹೋಗುತ್ತದೆ. `Convert to Profile` ಇದಕ್ಕೆ ತಿರುಗು: ಬಣ್ಣ ಉಳಿಯುತ್ತದೆ, 219 ಇದ್ದದ್ದು 255 ಆಗುತ್ತದೆ. ನಮಗೆ ಬೇಕಾದದ್ದು ಎರಡನೆಯದು. `Assign` ಕೆಲಸಕ್ಕೆ ಬರುವುದು ಪ್ರೊಫೈಲ್ ಕಳೆದುಕೊಂಡ ಫೈಲಿಗೆ ಅದರ ನಿಜವಾದ ಪ್ರೊಫೈಲನ್ನು ವಾಪಸ್ ಕೊಡುವಾಗ. ಲೇಯರ್‌ಗಳಿರುವ ಮೂಲ ಫೈಲ್, ಅಂದರೆ ಪಿಎಸ್‌ಡಿ, ಕಳೆದುಹೋಗಿ ಪ್ರೊಫೈಲ್ ಇಲ್ಲದ ಈ ಜೆಪೆಗ್ ಮಾತ್ರ ಉಳಿದಿದ್ದರೆ ಹಾಗೇ ಮಾಡಬೇಕಿತ್ತು: ಮೊದಲು ಅಡೋಬ್ ಆರ್‌ಜಿಬಿ ಅಸೈನ್, ಆಮೇಲೆ ಎಸ್‌ಆರ್‌ಜಿಬಿಗೆ ಕನ್ವರ್ಟ್.

ಕೊನೆಗೆ `Convert to Profile` ಕೂಡ ಮಾಡಿದ್ದ, ಆದರೆ ಲೇಯರ್‌ಗಳು ಬಿಡಿಬಿಡಿಯಾಗಿರುವಾಗಲೇ. ಸೀರೆ, ಮುಖ ವಾಪಸ್ ಬಂದವು. ಆದರೆ ಅರಮನೆಯ ಸುತ್ತ ಹರಡಿದ್ದ ದೀಪದ ಹೊಳಪು ಬದಲಾಯಿತು, ಭುಜದ ಮೇಲಿನ ಹಳದಿ ತೆಳುವಾಯಿತು. ಒಂದೇ ಫೋಟೋವನ್ನು ಎಡಿಟ್ ಮಾಡುವವರಿಗೆ ಈ ತೊಂದರೆ ಅಷ್ಟಾಗಿ ಎದುರಾಗುವುದಿಲ್ಲ. ಇದು ಕಾಂಪೋಸಿಟ್‌ನವರ ತಲೆನೋವು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಆ ಹೊಳಪು ಒಂದು ಹಳದಿ ಲೇಯರ್, `Screen` ಮೋಡ್‌ನಲ್ಲಿ. ಅದರ ಮೇಲೆ ಎರಡು `Curves` ಲೇಯರ್. ಈ ಮೋಡ್‌ಗಳೆಲ್ಲ ಲೆಕ್ಕ ಹಾಕುವುದು ಫೈಲಿನ ನಂಬರ್‌ಗಳ ಮೇಲೆ. ಲೇಯರ್‌ಗಳನ್ನು ಬಿಡಿಯಾಗಿ ಕನ್ವರ್ಟ್ ಮಾಡಿದಾಗ ಪ್ರತಿ ಲೇಯರ್‌ನ ನಂಬರ್ ಬೇರೆಯಾಗುತ್ತದೆ, ಆಮೇಲೆ ಹೊಸ ನಂಬರ್‌ಗಳ ಮೇಲೆ ಹಳೇ ಲೆಕ್ಕ ನಡೆಯುತ್ತದೆ. ಅಡೋಬ್ ಆರ್‌ಜಿಬಿಯಲ್ಲಿ ಕರ್ವ್‌ನ ಚುಕ್ಕೆಯನ್ನು ಕೆಂಪು 219ರಲ್ಲಿ ಇಟ್ಟಿದ್ದರೆ ಅದು ಸೀರೆಯ ಅಂಚನ್ನು ಹಿಡಿಯುತ್ತಿತ್ತು. ಕನ್ವರ್ಟ್ ಆದ ಮೇಲೆ ಅಂಚು 255ಕ್ಕೆ ಹೋಗಿದೆ, ಚುಕ್ಕೆ ಮಾತ್ರ 219ರಲ್ಲೇ ನಿಂತು ಬೇರೆ ಯಾವುದೋ ಕೆಂಪನ್ನು ಎಳೆಯುತ್ತಿದೆ. ಹೊಳಪಿನ ಹಳದಿಯದು ಇನ್ನೊಂದು ಕಥೆ. ಅದು ತಾನೊಂದೇ ಎಸ್‌ಆರ್‌ಜಿಬಿಯಿಂದ ಆಚೆ ಇತ್ತು, ಹಿಂದಿನ ಚಿತ್ರದ ಜೊತೆ ಬೆರೆಯುವ ಮೊದಲೇ ಅದರ ತುದಿ ಕತ್ತರಿಸಿಹೋಯಿತು.

ಹಾಗಾಗಿ ಮೊದಲು ಎಲ್ಲ ಲೇಯರ್ ಒಂದಾಗಬೇಕು, ಆಮೇಲೆ ಕನ್ವರ್ಟ್ ಆಗಬೇಕು. `Image > Duplicate` ಕೊಟ್ಟು ಒಂದು ಪ್ರತಿ ಮಾಡಿ, ಅದನ್ನು ಫ್ಲಾಟನ್ ಮಾಡಿ, ಅದನ್ನೇ ಕನ್ವರ್ಟ್ ಮಾಡುವುದು ನನ್ನ ರೂಢಿ. ಕನ್ವರ್ಟ್ ಕಿಟಕಿಯಲ್ಲೇ `Flatten Image to Preserve Appearance` ಅಂತ ಟಿಕ್ ಇದೆ, ಅದೂ ಇದೇ ಕೆಲಸ ಮಾಡುತ್ತದೆ. ಆದರೆ ಅದನ್ನು ಮೂಲ ಪಿಎಸ್‌ಡಿ ಮೇಲೆ ಮಾಡಿ ಸೇವ್ ಒತ್ತಿಬಿಟ್ಟರೆ ಲೇಯರ್‌ಗಳು ಹೋದವು ಅಂತಲೇ ಲೆಕ್ಕ. ಪ್ರತಿ ಮಾಡುವುದೇ ಕ್ಷೇಮ.

ಕನ್ವರ್ಟ್ ಮಾಡಿದರೂ ಉಳಿದ ಒಂದು ತೊಂದರೆ

ಫ್ಲಾಟನ್ ಮಾಡಿ ಕನ್ವರ್ಟ್ ಮಾಡಿದೆವು. ಮುಖ ಸರಿ, ಅಂಚು ಸರಿ, ದೀಪದ ಹೊಳಪು ಸರಿ. ಹಸಿರು ಈಗ ಮಂಕಾಗಿರಲಿಲ್ಲ. ಆದರೆ ಸೆರಗಿನ ಮಡಿಕೆಗಳಲ್ಲಿ ಇದ್ದ ಮಿಂಚು ಕಾಣುತ್ತಿರಲಿಲ್ಲ. ಹಸಿರು ಬಣ್ಣ ಬಳಿದ ಹಾಗೆ ಸಪಾಟಾಗಿತ್ತು.

ಕಾರಣ ತಿಳಿಯಲು `Info` ಫಲಕ ತೆರೆದು ಮಡಿಕೆಯ ಎರಡು ಚುಕ್ಕೆ ನೋಡಿದೆವು. ಅಡೋಬ್ ಆರ್‌ಜಿಬಿ ಮೂಲದಲ್ಲಿ ಒಂದು ಕಡೆ 40, 150, 90. ಪಕ್ಕದಲ್ಲಿ ಮಿಂಚುವ ಕಡೆ 70, 150, 90. ಹಸಿರು, ನೀಲಿ ಒಂದೇ, ಕೆಂಪಿನಲ್ಲಿ ಮಾತ್ರ ವ್ಯತ್ಯಾಸ. ರೇಷ್ಮೆಯ ಮಿಂಚು ಇದ್ದದ್ದು ಆ ವ್ಯತ್ಯಾಸದಲ್ಲೇ. ಇವನ್ನು ಎಸ್‌ಆರ್‌ಜಿಬಿಗೆ ತಿರುಗಿಸಿದರೆ ಕೆಂಪಿನ ನಂಬರ್ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಈ ಹಸಿರು ಎಸ್‌ಆರ್‌ಜಿಬಿಯ ಹಸಿರು ಮೂಲೆಗಿಂತ ಆಚೆ ಇದೆ ಅನ್ನುವುದರ ಅರ್ಥ ಇದೇ. ಸೊನ್ನೆಗಿಂತ ಕೆಳಗಿನ ನಂಬರ್ ಬರೆಯಲು ಆಗದು, ಹಾಗಾಗಿ ಎರಡೂ ಸೊನ್ನೆಗೆ ನಿಂತವು. ಎರಡೂ ಚುಕ್ಕೆ ಸುಮಾರು 0, 151, 86 ಆದವು. ಬೇರೆ ಬೇರೆ ಇದ್ದ ಎರಡು ಹಸಿರು ಒಂದೇ ಹಸಿರಾಯಿತು.

ಕನ್ವರ್ಟ್ ಕಿಟಕಿಯಲ್ಲಿ `Intent` ಅನ್ನು `Perceptual` ಮಾಡಿದರೆ ಸರಿಹೋಗುತ್ತಾ ಅಂತ ಹುಡುಗ ಕೇಳಿದ. ಇಲ್ಲ. ಫೋಟೋಶಾಪ್ ಜೊತೆ ಬರುವ ಎಸ್‌ಆರ್‌ಜಿಬಿ ಪ್ರೊಫೈಲ್‌ನಲ್ಲಿ ಬಣ್ಣಗಳನ್ನು ಮೆತ್ತಗೆ ಒಳಗೆ ಒತ್ತುವ ಕೋಷ್ಟಕವೇ ಇಲ್ಲ. ಏನು ಆರಿಸಿದರೂ ಆಚೆ ಇದ್ದದ್ದನ್ನು ಕತ್ತರಿಸುವುದೇ ಆಗುತ್ತದೆ. ಹಾಗಾಗಿ ಕನ್ವರ್ಟ್ ಮಾಡುವ ಮೊದಲೇ ಆ ಹಸಿರನ್ನು ಕೈಯಿಂದ ಒಳಗೆ ತರಬೇಕು.

ಎಷ್ಟು ತರಬೇಕು? ಹಸಿರು 150 ಇರುವಾಗ ಅಡೋಬ್ ಆರ್‌ಜಿಬಿಯ ಕೆಂಪು ಕನಿಷ್ಠ 85ರ ಹತ್ತಿರ ಇದ್ದರೆ ಅದು ಎಸ್‌ಆರ್‌ಜಿಬಿ ಒಳಗೆ ಬರುತ್ತದೆ. ಕೆಂಪು 100 ಇದ್ದರೆ ಎಸ್‌ಆರ್‌ಜಿಬಿಯಲ್ಲಿ ಅದು 66ರ ಆಸುಪಾಸು. ಅಂದರೆ ಮಡಿಕೆಯ ಅತಿ ಗಾಢ ಹಸಿರನ್ನು 85ಕ್ಕೆ, ಮಿಂಚನ್ನು ಅದಕ್ಕಿಂತ ಮೇಲಕ್ಕೆ ತಂದರೆ ವ್ಯತ್ಯಾಸ ಉಳಿಯುತ್ತದೆ. ಹಸಿರು ಒಂದಿಷ್ಟು ಕಡಿಮೆ ಗಾಢವಾಗುತ್ತದೆ, ಆದರೆ ಬಟ್ಟೆ ಬಟ್ಟೆಯ ಹಾಗೆ ಕಾಣುತ್ತದೆ. ನನ್ನ ಪ್ರಕಾರ ಸೀರೆ ಅಂಗಡಿಗೆ ಬಣ್ಣದ ಗಾಢಕ್ಕಿಂತ ಆ ಮಿಂಚು ಮುಖ್ಯ. ರೇಷ್ಮೆ ಅಂತ ಗೊತ್ತಾಗುವುದು ಅದರಿಂದಲೇ.

ಮೂಲ ಪಿಎಸ್‌ಡಿಗೆ ವಾಪಸ್ ಬಂದೆವು. `View > Proof Setup > Internet Standard RGB (sRGB)` ಆರಿಸಿ `Ctrl+Y` ಒತ್ತಿದರೆ, ಕನ್ವರ್ಟ್ ಆದ ಮೇಲೆ ಹೇಗೆ ಕಾಣುತ್ತದೋ ಹಾಗೇ ತೆರೆಯ ಮೇಲೆ ಬರುತ್ತದೆ. ಮಡಿಕೆಗಳು ತಕ್ಷಣ ಸಪಾಟಾದವು. ಜೊತೆಗೆ `Shift+Ctrl+Y` ಒತ್ತಿದರೆ ಆಚೆ ಇರುವ ಬಣ್ಣಗಳ ಮೇಲೆ ಬೂದು ಮುಚ್ಚುತ್ತದೆ. ಸೆರಗು ಪೂರ್ತಿ, ಮತ್ತೆ ದೀಪದ ಹೊಳಪಿನ ಒಂದಿಷ್ಟು ಭಾಗ ಬೂದಾಯಿತು. ಸೀರೆಗೆ ಮೊದಲೇ ಮಾಡಿದ್ದ ಮಾಸ್ಕ್ ಇತ್ತು. ಅದರೊಳಗೆ `Hue/Saturation` ಲೇಯರ್ ಹಾಕಿ, ಮೇಲೆ `Greens` ಆರಿಸಿ, ಪ್ರೂಫ್ ಚಾಲೂ ಇಟ್ಟುಕೊಂಡೇ ಸ್ಯಾಚುರೇಷನ್ ನಿಧಾನ ಇಳಿಸಿದೆವು. ಒಂದು ಹಂತದಲ್ಲಿ ಮಡಿಕೆಗಳು ಎದ್ದು ಬಂದವು, ಅಲ್ಲಿಗೆ ನಿಲ್ಲಿಸಿದೆವು. ಬೂದು ಮುಚ್ಚಿಗೆ ಪೂರ್ತಿ ಹೋಗಲೇಬೇಕು ಅಂತ ಹಟ ಹಿಡಿಯಬಾರದು. ದೀಪದ ಹೊಳಪಿನಲ್ಲಿ ಉಳಿದ ಬೂದನ್ನು ನಾವು ಮುಟ್ಟಲಿಲ್ಲ, ಅಲ್ಲಿ ಕತ್ತರಿಸಿದರೂ ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಈ ಲೇಯರ್‌ಗೆ `web` ಅಂತ ಹೆಸರು ಕೊಟ್ಟು ಇಟ್ಟರು. ಪ್ರಿಂಟ್‌ಗೆ ಕೊಡುವಾಗ ಅದರ ಕಣ್ಣು ಮುಚ್ಚಿದರೆ ಸಾಕು, ಮೂಲ ಹಸಿರು ಹಾಗೇ ಇದೆ. ಸಾಮಾನ್ಯ ಮಾನಿಟರ್ ಇರುವವರಿಗೆ ಒಂದು ಮಾತು: ನಿಮ್ಮ ತೆರೆಯೇ ಎಸ್‌ಆರ್‌ಜಿಬಿ ಮಟ್ಟದ್ದಾಗಿದ್ದರೆ `Ctrl+Y` ಒತ್ತಿದರೂ ಏನೂ ಬದಲಾದ ಹಾಗೆ ಕಾಣುವುದಿಲ್ಲ, ಏಕೆಂದರೆ ಆಚೆಗಿನ ಹಸಿರನ್ನು ಅದು ಮೊದಲಿನಿಂದಲೂ ತೋರಿಸುತ್ತಿಲ್ಲ. ಆಗ ಬೂದು ಮುಚ್ಚಿಗೆ ಮತ್ತು `Info` ನಂಬರ್‌ಗಳನ್ನೇ ನೆಚ್ಚಬೇಕು.

ಹೊರಗೆ ಹೋದ ಫೈಲ್

ಪ್ರತಿ ಮಾಡಿ, ಫ್ಲಾಟನ್ ಮಾಡಿ, `Edit > Convert to Profile` ಒಳಗೆ `sRGB IEC61966-2.1` ಆರಿಸಿ, `Relative Colorimetric` ಮತ್ತು `Use Black Point Compensation` ಇಟ್ಟು ಕನ್ವರ್ಟ್ ಮಾಡಿದೆವು. ಫೈಲ್ 16 ಬಿಟ್‌ನಲ್ಲಿತ್ತು, ಆಕಾಶದ ನೀಲಿಯಲ್ಲಿ ಪಟ್ಟೆ ಏಳಬಾರದು ಅಂತ ಕನ್ವರ್ಟ್ ಮುಗಿಯುವ ತನಕ ಹಾಗೇ ಬಿಟ್ಟು ಆಮೇಲೆ 8ಕ್ಕೆ ಇಳಿಸಿದೆವು. ಅಳತೆ 1080 ಅಗಲ, 1350 ಎತ್ತರ. ಕೊನೆಗೆ `Export As`, ಈ ಸಲ ಎರಡೂ ಟಿಕ್ ಹಾಕಿ. ಆಗಲೇ ಎಸ್‌ಆರ್‌ಜಿಬಿಯಲ್ಲಿರುವ ಫೈಲಿಗೆ `Convert to sRGB` ಏನೂ ಮಾಡುವುದಿಲ್ಲ, ಇದ್ದರೆ ನಷ್ಟವಿಲ್ಲ.

ಎಸ್‌ಆರ್‌ಜಿಬಿ ಮಾಡಿದ ಮೇಲೂ ಪ್ರೊಫೈಲ್ ಯಾಕೆ ಸೇರಿಸಬೇಕು ಅಂತ ಹುಡುಗ ಕೇಳಿದ. ಅವನ ಎದುರಿನ ಮಾನಿಟರನ್ನೇ ತೋರಿಸಿದೆ. ಪ್ರೊಫೈಲ್ ಇಲ್ಲದ ಎಸ್‌ಆರ್‌ಜಿಬಿ ಫೈಲನ್ನು ಯಾವುದೋ ಸಾಫ್ಟ್‌ವೇರ್ ನೇರ ವೈಡ್ ಗ್ಯಾಮಟ್ ತೆರೆಗೆ ಕಳಿಸಿದರೆ ಆಗ ಉಲ್ಟಾ ತೊಂದರೆ, ಸೀರೆ ಉರಿಯುವ ಹಸಿರಾಗಿ ಕಾಣುತ್ತದೆ. ಅಡೋಬ್ ಆರ್‌ಜಿಬಿಯಲ್ಲೇ ಬಿಟ್ಟು ಪ್ರೊಫೈಲ್ ಸೇರಿಸಿದರೆ ಸಾಲದಾ ಅಂತಲೂ ಕೇಳಿದ. ಬ್ರೌಸರ್‌ಗೆ ಸಾಕು. ಆದರೆ ಸೋಷಿಯಲ್ ಮೀಡಿಯಾ ಆಪ್‌ಗಳು ನಾವು ಹಾಕಿದ ಫೈಲನ್ನು ಹಾಗೇ ತೋರಿಸುವುದಿಲ್ಲ, ಮತ್ತೆ ಕುಗ್ಗಿಸಿ ತಮ್ಮದೇ ಪ್ರತಿ ಮಾಡಿಕೊಳ್ಳುತ್ತವೆ. ಆ ದಾರಿಯಲ್ಲಿ ಪ್ರೊಫೈಲ್ ಉಳಿದೇ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ಎಸ್‌ಆರ್‌ಜಿಬಿ ನಂಬರ್ ಇದ್ದರೆ ಪ್ರೊಫೈಲ್ ಬಿದ್ದುಹೋದರೂ ಬಣ್ಣ ಉಳಿಯುತ್ತದೆ.

ಎಕ್ಸಿಫ್‌ಟೂಲ್ ಈ ಸಲ `sRGB IEC61966-2.1` ಅಂತ ಸಾಲು ಕೊಟ್ಟಿತು. ಕ್ರೋಮ್‌ನಲ್ಲಿ ಎಳೆದು ಹಾಕಿ ನೋಡಿದೆವು, ಒಂದು ಐಫೋನ್ ಮತ್ತು ಒಂದು ಆಂಡ್ರಾಯ್ಡ್‌ನಲ್ಲಿ ನೋಡಿದೆವು. ಐಫೋನ್ ಮತ್ತು ಕ್ರೋಮ್ ಒಂದೇ ಥರ ಇದ್ದವು. ಆಂಡ್ರಾಯ್ಡ್‌ನಲ್ಲಿ ಸೀರೆ ತುಸು ಜೋರಾಗಿತ್ತು. ಅದರ ಡಿಸ್‌ಪ್ಲೇ ಸೆಟ್ಟಿಂಗ್ `Vivid`ನಲ್ಲಿತ್ತು, `Natural` ಮಾಡಿದಾಗ ಮೂರೂ ಹತ್ತಿರ ಬಂದವು. ನೋಡುವವರ ಫೋನ್ ಸೆಟ್ಟಿಂಗ್ ನಮ್ಮ ಕೈಯಲ್ಲಿಲ್ಲ. `Vivid` ಇಟ್ಟುಕೊಂಡವರಿಗೆ ಎಲ್ಲ ಫೋಟೋವೂ ಜೋರಾಗೇ ಕಾಣುತ್ತದೆ, ಅವರ ಕಣ್ಣು ಅದಕ್ಕೆ ಹೊಂದಿಕೊಂಡಿರುತ್ತದೆ. ಅದಕ್ಕೋಸ್ಕರ ಫೈಲನ್ನು ಇಳಿಸಲು ಹೋಗಬಾರದು.

ಸ್ಟುಡಿಯೋದಲ್ಲಿ `Color Settings`ನ ಕೆಲಸದ ಜಾಗವನ್ನು ಅಡೋಬ್ ಆರ್‌ಜಿಬಿಯಲ್ಲೇ ಬಿಟ್ಟೆವು, ಆಲ್ಬಂ ಕೆಲಸಕ್ಕೆ ಅದು ಬೇಕು. `Missing Profiles` ಮತ್ತು `Profile Mismatches` ಪ್ರಶ್ನೆಗಳನ್ನು ಮತ್ತೆ ಚಾಲೂ ಮಾಡಿದೆವು. ಬರೀ ಫೋನಿಗೆ ಅಂತಲೇ ಬರುವ ಕೆಲಸವಾದರೆ ಹೊಸ ಫೈಲನ್ನು ಎಸ್‌ಆರ್‌ಜಿಬಿಯಲ್ಲೇ ಶುರು ಮಾಡಿ ಅಂತ ಹುಡುಗನಿಗೆ ಹೇಳಿದೆ. ಆಗ ಹೊಳಪು, ಕರ್ವ್ ಎಲ್ಲ ಮೊದಲಿನಿಂದಲೇ ಕೊನೆಯ ನಂಬರ್‌ಗಳ ಮೇಲೆ ಕೂರುತ್ತವೆ, ಕೊನೆಗೆ ಕನ್ವರ್ಟ್ ಮಾಡುವ ಮಾತೇ ಬರುವುದಿಲ್ಲ.

ಹಳೇ ಪೋಸ್ಟ್ ತೆಗೆದು ಹೊಸದು ಹಾಕಿದರು. ಯಜಮಾನರು "ಈಗ ಸರಿ ಇದೆ" ಅಂದರು, ಮಾರನೇ ದಿನ ಮತ್ತೆ ಫೋನ್ ಮಾಡಿದರು. ವಾಟ್ಸಾಪ್‌ನಲ್ಲಿ ಗಿರಾಕಿಗಳಿಗೆ ಕಳಿಸಿದ ಫೋಟೋದಲ್ಲಿ ಕೆಂಪು ಅಂಚು ಹಸಿರಿನೊಳಗೆ ಕದಡಿದ ಹಾಗಿದೆಯಂತೆ. ಇದು ಪ್ರೊಫೈಲ್ ತಪ್ಪಲ್ಲ. ಜೋರಾಗಿ ಕುಗ್ಗಿಸುವಾಗ ಜೆಪೆಗ್ ಬೆಳಕು-ನೆರಳಿನ ವಿವರವನ್ನು ಪೂರ್ತಿ ಅಳತೆಯಲ್ಲಿ ಇಟ್ಟು, ಬಣ್ಣದ ವಿವರವನ್ನು ಅಗಲದಲ್ಲೂ ಎತ್ತರದಲ್ಲೂ ಅರ್ಧ ಅಳತೆಗೆ ಇಳಿಸುತ್ತದೆ. ಹಸಿರಿಗೆ ತಾಗಿದ ತೆಳು ಕೆಂಪು ಗೆರೆಗೆ ಮೊದಲ ಪೆಟ್ಟು ಬೀಳುತ್ತದೆ. ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ ಅಂದೆವು. ಹಾಗೆ ಕಳಿಸಿದ ಮೇಲೆ ಅಂಚು ನಿಂತಿತು.